ಕಾರ್ಡಿನಿಂದ ಸದ್ದಿಲ್ಲದೆ ಹೋಗುವ ರೊಕ್ಕ: ಒಂದು ವರ್ಷದ ಸ್ಟೇಟ್‌ಮೆಂಟ್ ಹಿಡಿದು ಹುಡುಕುವ ಬಗೆ

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂದಾಗ ಹೆಚ್ಚಿನವರು ನೋಡುವುದು ಎರಡೇ: ಎಷ್ಟು ಕಟ್ಟಬೇಕು, ಯಾವತ್ತಿನೊಳಗೆ ಕಟ್ಟಬೇಕು. ಬಹಳವಾದರೆ ನಾಲ್ಕಂಕಿ ಐದಂಕಿಯ ಸಾಲುಗಳ ಮೇಲೆ ಕಣ್ಣಾಡಿಸುತ್ತಾರೆ. ಪೆಟ್ರೋಲು, ಕಿರಾಣಿ, ಬಟ್ಟೆ ಅಂಗಡಿಯ ನಡುವೆ 130 ರೂಪಾಯಿ, 299 ರೂಪಾಯಿಯ ಸಾಲು ಕೂತಿದ್ದರೆ ಅದು ಕಾಣುವುದೇ ಇಲ್ಲ. ವರ್ಷಕ್ಕೊಮ್ಮೆ ಹೋಗುವ ಚಂದಾ ಅಂತೂ ಹನ್ನೊಂದು ತಿಂಗಳು ಸ್ಟೇಟ್‌ಮೆಂಟಿನಲ್ಲಿ ಇರುವುದೇ ಇಲ್ಲ. ಆದ್ದರಿಂದ ತಿಂಗಳ ಲೆಕ್ಕ ಎಷ್ಟು ಜಾಗ್ರತೆಯಿಂದ ನೋಡಿದರೂ ಇವು ಕೈಗೆ ಸಿಗುವುದಿಲ್ಲ. ಇಡೀ ವರ್ಷದ್ದನ್ನು ಒಟ್ಟಿಗೆ ಹಾಕಿ, ತಾರೀಖಿನ ಪ್ರಕಾರ ಅಲ್ಲದೆ ಹೆಸರಿನ ಪ್ರಕಾರ ಜೋಡಿಸಿದರೆ ಮಾತ್ರ ಬಯಲಿಗೆ ಬರುತ್ತವೆ.

ಹುಬ್ಬಳ್ಳಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಈ ರೀತಿ ಹುಡುಕುವ ಕ್ರಮವನ್ನು ಗದಗ-ಬೆಟಗೇರಿಯ ಒಂದು ಫೋಟೊ ಸ್ಟುಡಿಯೊದ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ. ಮಾಲೀಕರು, ಅವರ ಹೆಂಡತಿ, ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ.ಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಗಳು. ಮಾಲೀಕರದೊಂದು ಕ್ರೆಡಿಟ್ ಕಾರ್ಡು, ಅದರದೇ ಆ್ಯಡ್-ಆನ್ ಕಾರ್ಡು ಮಗಳ ಕೈಯಲ್ಲಿ, ಸ್ಟುಡಿಯೊ ಖಾತೆಯ ಡೆಬಿಟ್ ಕಾರ್ಡು ಇನ್ನೊಂದು. ದೊಡ್ಡ ಸಂಸಾರವೇನಲ್ಲ. ಹಾಗಿದ್ದೂ ವರ್ಷಕ್ಕೆ 18,364 ರೂಪಾಯಿ ಯಾರಿಗೂ ಉಪಯೋಗವಿಲ್ಲದೆ ಹೋಗಿತ್ತು.

ಹನ್ನೆರಡಲ್ಲ, ಹದಿಮೂರು ಸ್ಟೇಟ್‌ಮೆಂಟ್

ಕಾರ್ಡಿನ ಬಿಲ್ಲಿಂಗ್ ತಿಂಗಳು ಒಂದನೇ ತಾರೀಖಿಗೇ ಶುರುವಾಗಬೇಕೆಂದಿಲ್ಲ. ಇವರ ಕಾರ್ಡಿನದು ಪ್ರತಿ ತಿಂಗಳು 18ಕ್ಕೆ ಮುಗಿಯುತ್ತಿತ್ತು. ವಾರ್ಷಿಕ ಚಂದಾ ಕೂಡ ಒಂದೆರಡು ದಿನ ಆಚೀಚೆ ಆಗಿ ಹೋಗುವುದುಂಟು. ಹನ್ನೆರಡೇ ಸ್ಟೇಟ್‌ಮೆಂಟ್ ತಗೊಂಡರೆ ತುದಿಯಲ್ಲಿರುವ ಒಂದು ವಾರ್ಷಿಕ ಚಂದಾ ತಪ್ಪಿ ಹೋಗಬಹುದು. ಅದಕ್ಕೇ ಹದಿಮೂರು ಇಳಿಸಿಕೊಳ್ಳಿ. ಅದೇ ವಾರ್ಷಿಕ ಚಂದಾ ಎರಡು ಸಲ ಕಂಡರೆ ಲೆಕ್ಕಕ್ಕೆ ಒಂದನ್ನೇ ಹಿಡಿಯಿರಿ.

ಮೇಲ್‌ಗೆ ಬರುವ ಪಿಡಿಎಫ್‌ಗಿಂತ ನೆಟ್‌ಬ್ಯಾಂಕಿಂಗ್‌ನಲ್ಲಿ ಸಿಗುವ ಎಕ್ಸೆಲ್ ಅಥವಾ ಸಿಎಸ್‌ವಿ ಫೈಲು ಉತ್ತಮ. ಅದು ಸಿಗದಿದ್ದರೆ ಪಿಡಿಎಫ್‌ನಿಂದ ಸಾಲುಗಳನ್ನು ನಕಲಿಸಿ ಗೂಗಲ್ ಶೀಟ್‌ಗೆ ಅಂಟಿಸಬೇಕಾಗುತ್ತದೆ. ಎಲ್ಲಾ ಕಾರ್ಡಿನದೂ ಒಂದೇ ಹಾಳೆಯಲ್ಲಿರಲಿ. ಕಾರ್ಡಿಗೊಂದು ಹಾಳೆ ಮಾಡಿದರೆ ಎರಡು ಕಾರ್ಡಿನಿಂದ ಒಂದೇ ಸೇವೆಗೆ ಹೋಗುತ್ತಿರುವುದು ಎಂದೂ ಕಾಣುವುದಿಲ್ಲ. ಐದು ಕಾಲಮ್ ಸಾಕು: A ತಾರೀಖು, B ಯಾವ ಕಾರ್ಡು, C ಸ್ಟೇಟ್‌ಮೆಂಟಿನಲ್ಲಿದ್ದ ವಿವರ ಇದ್ದದ್ದು ಇದ್ದಂತೆ, D ಮೊತ್ತ, E ನೀವು ಕೊಡುವ ಹೆಸರು.

ಪಿಡಿಎಫ್‌ನಿಂದ ಅಂಟಿಸಿದಾಗ ಒಂದು ತೊಂದರೆ ಆಗುವುದುಂಟು. 1,299.00 ಎಂಬುದು ಅಂಕಿಯಾಗಿ ಬಾರದೆ ಬರೀ ಅಕ್ಷರವಾಗಿ ಕೂರುತ್ತದೆ. ಕೂಡಿಸಿದರೆ ಮೊತ್ತ ಸೊನ್ನೆ ಬರುತ್ತದೆ, ಇಲ್ಲವೇ ಕಡಿಮೆ ಬರುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ: ಅಂಕಿ ಕೋಶದ ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರ ಎಡಕ್ಕೆ. ಎಡಕ್ಕಿದ್ದರೆ ಪಕ್ಕದ ಖಾಲಿ ಕಾಲಮ್‌ನಲ್ಲಿ ಇದನ್ನು ಹಾಕಿ ಎಳೆಯಿರಿ, ಬಂದ ಅಂಕಿಗಳನ್ನು ನಕಲಿಸಿ Paste special, Values only ಒತ್ತಿ D ಕಾಲಮ್‌ಗೆ ಅಂಟಿಸಿ:

```
=VALUE(SUBSTITUTE(D2,",",""))
```

ಈ ಸೂತ್ರ ಹಾಕುವ ಮೊದಲೇ ಒಂದು ಕೆಲಸ ಮುಗಿಸಿ. ಮೊತ್ತದ ಪಕ್ಕ Cr ಎಂದಿದ್ದರೆ ಅದು ಜಮೆಯಾದ ಹಣ. ಕೆಲವು ನೀವೇ ಬಿಲ್ ಕಟ್ಟಿದ್ದು, ಅವನ್ನು ಅಳಿಸಿ. ಉಳಿದವು ರೀಫಂಡು. ಅವಕ್ಕೆ Cr ತೆಗೆದು ಮುಂದೆ ಮೈನಸ್ ಚಿಹ್ನೆ ಹಾಕಿ. ಇದನ್ನು ಬಿಟ್ಟರೆ ವಾಪಸ್ ಬಂದ ರೊಕ್ಕವೂ ದಂಡದ ಲೆಕ್ಕದಲ್ಲಿ ಸೇರಿಹೋಗುತ್ತದೆ.

ಹೆಸರು ಕಟ್ಟುವುದೇ ಅಸಲು ಕೆಲಸ

ಈಗ C ಕಾಲಮ್ ಪ್ರಕಾರ ಅಕ್ಷರಾನುಕ್ರಮದಲ್ಲಿ ಜೋಡಿಸಿ. ಪೆಟ್ರೋಲ್ ಬಂಕು, ಕಿರಾಣಿ, ಹೋಟೆಲು, ಔಷಧಿ ಅಂಗಡಿ ಗುಂಪು ಗುಂಪಾಗಿ ಬಂದು ನಿಲ್ಲುತ್ತವೆ. ಅವನ್ನು ಒಟ್ಟಿಗೆ ಅಳಿಸಬಹುದು. ಸ್ಟುಡಿಯೊದವರ ಹಾಳೆ ಇಷ್ಟರಲ್ಲೇ ಕಾಲು ಭಾಗಕ್ಕೆ ಇಳಿಯಿತು.

ಉಳಿದ ಸಾಲುಗಳಿಗೆ E ಕಾಲಮ್‌ನಲ್ಲಿ ನೀವು ಮನೆಯಲ್ಲಿ ಕರೆಯುವ ಹೆಸರು ಬರೆಯಬೇಕು. ಇಲ್ಲಿ ಆತುರ ಬೇಡ. ಸ್ಟೇಟ್‌ಮೆಂಟಿನಲ್ಲಿ ಸೇವೆಯ ಹೆಸರೇ ಇರಬೇಕೆಂದಿಲ್ಲ. ಹಣ ದಾಟಿಸಿದ ಗೇಟ್‌ವೇ ಹೆಸರಿರುತ್ತದೆ, RAZORPAY ಅಥವಾ PAYU ಎಂದು. ಇಲ್ಲವೇ ನೀವು ಕೇಳಿರದ ಮೂಲ ಕಂಪನಿಯ ಹೆಸರು. ಫೋನಿನಲ್ಲಿ ತಗೊಂಡ ಚಂದಾಗಳು ಬಹುಪಾಲು GOOGLE ಅಥವಾ APPLE.COM/BILL ಎಂಬ ಒಂದೇ ಹೆಸರಿನ ಹಿಂದೆ ಅಡಗಿರುತ್ತವೆ. ಆ್ಯಪಲ್‌ನವರು ಎರಡು ಮೂರು ಖರೀದಿ ಕೂಡಿಸಿ ಒಂದೇ ಬಿಲ್ಲು ಹಾಕುವುದೂ ಉಂಟು, ಆಗ ಸಾಲಿನ ಮೊತ್ತ ಯಾವ ಚಂದಾಕ್ಕೂ ಹೊಂದುವುದಿಲ್ಲ.

ಇಂಥ ಸಾಲಿಗೆ ಉತ್ತರ ಸ್ಟೇಟ್‌ಮೆಂಟಿನಲ್ಲಿ ಇಲ್ಲ, ಮೇಲ್‌ನಲ್ಲಿದೆ. ಆ ತಾರೀಖು ಮತ್ತು ಮೊತ್ತ ಹಿಡಿದು ಮೇಲ್‌ಬಾಕ್ಸಿನಲ್ಲಿ ರಸೀದಿ ಹುಡುಕಿ. ಗೂಗಲ್ ಪ್ಲೇ ರಸೀದಿಯಲ್ಲಿ GPA ಎಂದು ಶುರುವಾಗುವ ಆರ್ಡರ್ ನಂಬರಿನ ಜೊತೆ ಆ್ಯಪ್ ಹೆಸರಿರುತ್ತದೆ. ಫೋನಿನಲ್ಲೇ ನೋಡುವುದಾದರೆ ಪ್ಲೇ ಸ್ಟೋರ್ ತೆರೆದು ಮೇಲಿನ ಫೋಟೊ ಒತ್ತಿ Payments & subscriptions, ಅದರೊಳಗೆ Subscriptions. ಐಫೋನಿನಲ್ಲಿ Settings, ಮೇಲಿನ ನಿಮ್ಮ ಹೆಸರು, ಆಮೇಲೆ Subscriptions. ಒಂದೇ ಫೋನಿನಲ್ಲಿ ಎರಡು ಮೂರು ಜಿಮೇಲ್ ಇದ್ದರೆ ಪ್ರತಿಯೊಂದಕ್ಕೂ ಬದಲಾಯಿಸಿ ನೋಡಬೇಕು. ಒಂದು ಖಾತೆಯಲ್ಲಿ ಪಟ್ಟಿ ಖಾಲಿ ಇದೆ ಎಂದು ಎದ್ದುಬಿಡುವವರೇ ಹೆಚ್ಚು.

ಮೊತ್ತ ಒಂದೇ ಇದ್ದರೆ ಮರುಕಳಿಸುವ ಚಂದಾ ಎಂದು ಹಿಡಿಯುವುದು ಸುಲಭ. ಆದರೆ ಡಾಲರ್ ಚಂದಾ ಪ್ರತಿ ತಿಂಗಳು ರೂಪಾಯಿಯಲ್ಲಿ ಬೇರೆ ಬೇರೆ ಬರುತ್ತದೆ, ಒಮ್ಮೆ 838, ಒಮ್ಮೆ 866. ಅದನ್ನು ಮೊತ್ತದಿಂದ ಹುಡುಕಲು ಹೋಗಬೇಡಿ. ಇನ್ನೊಂದು ಗುರುತು: ಒಂದು ಅಥವಾ ಎರಡು ರೂಪಾಯಿಯ ಸಾಲು ಕಂಡರೆ ಅಲ್ಲಿ ಯಾರೋ "ಫ್ರೀ ಟ್ರಯಲ್" ಒತ್ತಿರಬಹುದು. ಮುಂದಿನ ಕೆಲ ದಿನಗಳಲ್ಲಿ ಪೂರ್ತಿ ಮೊತ್ತದ ಸಾಲು ಇದೆಯೇ ನೋಡಿ.

ವರ್ಷಕ್ಕೊಮ್ಮೆ ಮಾತ್ರ ಬರುವ ಒಂಟಿ ಸಾಲಿಗೆ ನಾನು ಮಾಡುವ ಒಂದು ಪರೀಕ್ಷೆ ಇದೆ. ಮೊತ್ತವನ್ನು 1.18ರಿಂದ ಭಾಗಿಸುತ್ತೇನೆ. 1,178.82 ಎಂಬ ವಿಚಿತ್ರ ಅಂಕಿ ಭಾಗಿಸಿದರೆ ಸರಿಯಾಗಿ 999 ಬರುತ್ತದೆ. ಅಂದರೆ ಅದು 18% ಜಿಎಸ್‌ಟಿ ಸೇರಿದ ಬೆಲೆ, ಬಹುಪಾಲು ಯಾವುದೋ ಸೇವೆಯ ಚಂದಾ. ಸಾಮಾನು ಕೊಂಡರೂ 18% ಬೀಳುವುದುಂಟು, ಹಾಗಾಗಿ ಇದು ಸಾಕ್ಷಿಯಲ್ಲ, ಸುಳಿವು ಅಷ್ಟೇ.

ಎಣಿಕೆ ಏನು ಹೇಳುತ್ತದೆ

ಹೆಸರು ತುಂಬಿದ ಮೇಲೆ ಶೀಟ್ ತಾನೇ ಕೆಲಸ ಮಾಡುತ್ತದೆ. ಕೆಳಗಿನ ನಾಲ್ಕನ್ನು ಕ್ರಮವಾಗಿ G2, H2, I2, J2 ಕೋಶಗಳಲ್ಲಿ ಹಾಕಿ. ಮೊದಲನೆಯದು ಹೆಸರುಗಳ ಪಟ್ಟಿ ಮಾಡುತ್ತದೆ. ಉಳಿದ ಮೂರನ್ನು ಆ ಪಟ್ಟಿಯುದ್ದಕ್ಕೂ ಕೆಳಗೆ ಎಳೆಯಿರಿ: ಎಷ್ಟು ಸಲ ಹೋಗಿದೆ, ಒಟ್ಟು ಎಷ್ಟು, ಎಷ್ಟು ಕಾರ್ಡಿನಿಂದ.

```
=SORT(UNIQUE(E2:E))
=COUNTIFS(E:E,G2,D:D,">0")
=SUMIF(E:E,G2,D:D)
=COUNTUNIQUEIFS(B:B,E:E,G2)
```

ಹದಿಮೂರನೇ ಸ್ಟೇಟ್‌ಮೆಂಟಿನಿಂದ ಬಂದ ಹೆಚ್ಚಿನ ದಿನಗಳ ಸಾಲುಗಳಲ್ಲಿ, ಅಲ್ಲಿ ಮಾತ್ರ ಕಂಡ ವಾರ್ಷಿಕ ಚಂದಾ ಉಳಿಸಿಕೊಂಡು ಬೇರೆಯವನ್ನು ಈಗ ತೆಗೆದುಹಾಕಿ, ಸರಿಯಾಗಿ ಒಂದು ವರ್ಷ ಉಳಿಯಲಿ. ಆಮೇಲೆ ಎಣಿಕೆಯ ಕಾಲಮ್ ಓದುತ್ತಾ ಹೋಗಿ. 12 ಇದ್ದರೆ ತಿಂಗಳ ಚಂದಾ. 13 ಇದ್ದರೆ ತಪ್ಪೇನಲ್ಲ, 28 ದಿನಕ್ಕೊಮ್ಮೆ ಹೋಗುವ ರೀಚಾರ್ಜು. ಅದು ವರ್ಷಕ್ಕೆ ಹದಿಮೂರು ಸಲ ಬೀಳುತ್ತದೆ. 24 ಬಂದರೆ ಅಲ್ಲೇ ನಿಲ್ಲಿ.

ಸ್ಟುಡಿಯೊದ ಹಾಳೆಯಲ್ಲಿ ಫೋಟೊ ತಿದ್ದುವ ಒಂದು ವಿದೇಶಿ ಸಾಫ್ಟ್‌ವೇರ್ ಎದುರು 24 ಎಂದಿತ್ತು. ಪ್ರತಿ ತಿಂಗಳು 6ನೇ ತಾರೀಖಿನ ಸುಮಾರಿಗೆ ಒಂದು, 21ರ ಸುಮಾರಿಗೆ ಇನ್ನೊಂದು. ಮಾಲೀಕರು ಅದರಲ್ಲೊಂದು ಅಕ್ಷರ ವಿನ್ಯಾಸದ ಫಾಂಟುಗಳದ್ದೆಂದು ತಿಳಿದಿದ್ದರು. ಮೇಲ್ ಹುಡುಕಿದರೆ 6ನೇ ತಾರೀಖಿನದಕ್ಕೆ ರಸೀದಿಯೇ ಇಲ್ಲ. ಕಡೆಗೆ ಗೊತ್ತಾಯಿತು: ಆ ಚಂದಾ ಹಳೆಯ ಆಪರೇಟರ್ ಹುಡುಗನ ಮೇಲ್ ಐಡಿಯಲ್ಲಿ ತಗೊಂಡದ್ದು, ಕಾರ್ಡು ಮಾತ್ರ ಮಾಲೀಕರದು. ಹುಡುಗ ಬಿಟ್ಟ ಮೇಲೆ ಹೊಸ ಐಡಿಯಲ್ಲಿ ಹೊಸ ಚಂದಾ ಶುರು ಮಾಡಿದ್ದರು, ಹಳೆಯದು ನಿಂತಿರಲಿಲ್ಲ.

"ಆ ಹುಡುಗ ಕೆಲಸ ಬಿಟ್ಟ ವರ್ಷದ ಮ್ಯಾಲಾತು. ಅಂವನ ಹೆಸರಿಲೆ ಇನ್ನೂ ರೊಕ್ಕ ಹೋಗಾಕತ್ತಾವೇನ್ರೀ ಸರ?" ಅಂದರು ಮಾಲೀಕರ ಹೆಂಡತಿ.

"ಕಂಪ್ಯೂಟರಿನ್ಯಾಗಿಂದ ನಾ ಅದನ್ನ ತಗದ ಒಗದೇನಲ್ಲಾ," ಅಂದರು ಮಾಲೀಕರು. ಕಂಪ್ಯೂಟರಿನಿಂದ ಸಾಫ್ಟ್‌ವೇರ್ ತೆಗೆದರೂ ಫೋನಿನಿಂದ ಆ್ಯಪ್ ಅಳಿಸಿದರೂ ಚಂದಾ ನಿಲ್ಲುವುದಿಲ್ಲ. ಖಾತೆಯೊಳಗೆ ಹೋಗಿಯೇ ರದ್ದು ಮಾಡಬೇಕು.

ಎಷ್ಟು ದಂಡ, ಯಾವುದು ದಂಡವಲ್ಲ

ಮರುಕಳಿಸುವ ಎಲ್ಲಾ ಚಂದಾ ಕೂಡಿಸಿ "ಇಷ್ಟು ಹಾಳಾಯಿತು" ಎನ್ನುವವರಿದ್ದಾರೆ. ಅದು ಲೆಕ್ಕವಲ್ಲ. ಬಳಸುತ್ತಿರುವ ಸಾಫ್ಟ್‌ವೇರ್ ಸ್ಟುಡಿಯೊಗೆ ಹೊಟ್ಟೆಪಾಡು. ದಂಡ ಅಂದರೆ ಯಾರೂ ಬಳಸದ ಅವಧಿಗೆ, ಇಲ್ಲವೇ ಬೇರೆ ದಾರಿಯಿಂದ ಆಗಲೇ ರೊಕ್ಕ ಕೊಟ್ಟಿರುವ ಸೇವೆಗೆ ಹೋದದ್ದು ಮಾತ್ರ. ಅದನ್ನೂ ಜಾಹೀರಾತಿನ ಬೆಲೆಯಿಂದ ಅಲ್ಲ, ಕಾರ್ಡಿನಿಂದ ನಿಜವಾಗಿ ಹೋದ ಮೊತ್ತದಿಂದ ಲೆಕ್ಕ ಹಾಕಬೇಕು.

ಹಳೆಯ ಆಪರೇಟರನ ಚಂದಾ ತಿಂಗಳಿಗೆ 10 ಡಾಲರ್. ಹನ್ನೆರಡು ತಿಂಗಳದು ರೂಪಾಯಿಯಲ್ಲಿ 10,212. ಆದರೆ ಸ್ಟೇಟ್‌ಮೆಂಟಿನಲ್ಲಿ ಇದರ ಆಚೀಚೆ ಬೇರೆ ಎರಡು ಸಣ್ಣ ಸಾಲು ಇರುತ್ತವೆ, ಅವಕ್ಕೆ ಕಂಪನಿಯ ಹೆಸರೇ ಇರುವುದಿಲ್ಲ: ವಿದೇಶಿ ಕರೆನ್ಸಿ ಶುಲ್ಕ ಒಂದು, ಆ ಶುಲ್ಕದ ಮೇಲಿನ ಜಿಎಸ್‌ಟಿ ಇನ್ನೊಂದು. ಇವರ ಕಾರ್ಡಿನಲ್ಲಿ ಶುಲ್ಕ 3.5%, ಅದರ ಮೇಲೆ 18%. ಎರಡೂ ಸೇರಿ 4.13% ಆಗುತ್ತದೆ. 10,212ಕ್ಕೆ ಅದನ್ನು ಕೂಡಿಸಿದರೆ 10,633.76. ನಿಮ್ಮ ಕಾರ್ಡಿನ ಶುಲ್ಕ ಬೇರೆ ಇರಬಹುದು, ಶುಲ್ಕದ ಪಟ್ಟಿಯಲ್ಲಿ ನೋಡಿ ಹಾಕಿಕೊಳ್ಳಿ.

ಎರಡನೆಯದು ಸಿನಿಮಾ, ಧಾರಾವಾಹಿ ನೋಡುವ ಒಂದು ಓಟಿಟಿ. ಜೂನ್‌ನಲ್ಲಿ ಕಾರ್ಡಿನಿಂದ ವರ್ಷದ ಚಂದಾ 1,499 ಹೋಗಿತ್ತು. ಸೆಪ್ಟೆಂಬರಿನಲ್ಲಿ ಹಾಕಿಸಿದ ಹೊಸ ಬ್ರಾಡ್‌ಬ್ಯಾಂಡ್ ಪ್ಲ್ಯಾನಿನಲ್ಲಿ ಅದೇ ಓಟಿಟಿ ಪುಕ್ಕಟೆ ಇತ್ತು. ಇಲ್ಲಿ ಪೂರ್ತಿ 1,499 ದಂಡ ಎನ್ನಲಾಗದು, ಮೊದಲ ಮೂರು ತಿಂಗಳು ನ್ಯಾಯವಾಗಿ ಬಳಸಿದ್ದಾರೆ. ಸೆಪ್ಟೆಂಬರಿನಿಂದ ಮೇವರೆಗೆ ಒಂಬತ್ತು ತಿಂಗಳು ಎರಡು ಸಲ ಕೊಟ್ಟಂತಾಯಿತು: 1,499ರಲ್ಲಿ ಹನ್ನೆರಡನೇ ಒಂಬತ್ತು ಪಾಲು, 1,124.25. ಇಂಥ ಜೋಡಿ ಚಂದಾ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಎರಡು ಸಾಲಾಗಿ ಕಾಣುವುದೇ ಇಲ್ಲ. ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಪ್ಲ್ಯಾನುಗಳ ವಿವರ ಪಕ್ಕದಲ್ಲಿಟ್ಟುಕೊಂಡು ಪಟ್ಟಿ ನೋಡಿದರೆ ಮಾತ್ರ ಸಿಗುತ್ತದೆ.

ಫೋಟೊ ಇಡುವ ಕ್ಲೌಡ್ ಜಾಗ ಎರಡಿತ್ತು. ಸ್ಟುಡಿಯೊ ಜಿಮೇಲ್‌ಗೆ ವರ್ಷದ್ದು, ಹೆಂಡತಿಯ ಜಿಮೇಲ್‌ಗೆ ತಿಂಗಳಿಗೆ 130ರದ್ದು. ಎರಡೂ ಬಳಕೆಯಲ್ಲಿದ್ದವು, ಹಾಗಾಗಿ ದಂಡವೆಂದು ಅನ್ನಿಸುವುದಿಲ್ಲ. ಆದರೆ ಆ ಪ್ಲ್ಯಾನನ್ನು ಕುಟುಂಬದ ಇನ್ನೂ ಐದು ಜನರೊಂದಿಗೆ ಹಂಚಿಕೊಳ್ಳಬಹುದು, ಸ್ಟುಡಿಯೊದ ಜಾಗದಲ್ಲಿ ಅರ್ಧಕ್ಕರ್ಧ ಖಾಲಿಯೇ ಇತ್ತು. ಹಾಗಾಗಿ ಹೆಂಡತಿಯ ಚಂದಾದ ಹನ್ನೆರಡು ತಿಂಗಳ 1,560 ದಂಡದ ಲೆಕ್ಕಕ್ಕೆ ಹೋಯಿತು.

ಮಗಳ ಆ್ಯಡ್-ಆನ್ ಕಾರ್ಡಿನಿಂದ ಪರೀಕ್ಷಾ ತಯಾರಿಯ ಆ್ಯಪ್‌ಗೆ ತಿಂಗಳಿಗೆ 299. ಜೂನ್‌ನಲ್ಲಿ ಸಪ್ತಾಪುರದ ಕೋಚಿಂಗ್ ಸೇರಿದ ಮೇಲೆ ಅದನ್ನು ತೆರೆದೇ ಇಲ್ಲ. ಮಾರ್ಚ್‌ವರೆಗೆ ಹತ್ತು ತಿಂಗಳು, 2,990. ಕಡೆಯ ತಿಂಗಳದು ದೂರು ಕೊಟ್ಟ ಮೇಲೆ ವಾಪಸ್ ಬಂತು, ಉಳಿದದ್ದು 2,691. ಎಕ್ಸ್‌ಚೇಂಜ್‌ನಲ್ಲಿ ಕೊಟ್ಟುಬಿಟ್ಟ ಹಳೆಯ ಕಂಪ್ಯೂಟರಿನ ಆ್ಯಂಟಿವೈರಸ್ ತಾನೇ ನವೀಕರಣಗೊಂಡು 1,899.

ಕಡೆಯದು ಕಾರ್ಡಿನದ್ದಲ್ಲ, ಪಾಸ್‌ಬುಕ್ಕಿನದ್ದು. ನಮ್ಮ ಕಡೆ ಮನೆ ಮನೆಯಲ್ಲಿ ಇರುವುದರಿಂದ ಹೇಳುತ್ತೇನೆ. ಹೆಂಡತಿಗೆ ಗ್ರಾಮೀಣ ಬ್ಯಾಂಕಿನಲ್ಲೊಂದು, ಸ್ಟುಡಿಯೊ ಬಳಿಯ ಬ್ಯಾಂಕಿನಲ್ಲೊಂದು ಖಾತೆ. ಮೇ ತಿಂಗಳಲ್ಲಿ ಎರಡರಿಂದಲೂ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ 436, ಸುರಕ್ಷಾ ವಿಮೆಗೆ 20 ಹೋಗಿತ್ತು. ಈ ಎರಡೂ ಯೋಜನೆಯಲ್ಲಿ ಒಬ್ಬರಿಗೆ ಒಂದೇ ಖಾತೆಯಿಂದ ಸೇರಲು ಅವಕಾಶ. ಎರಡು ಕಡೆ ಕಟ್ಟಿದರೂ ಒಂದೊಂದು ಯೋಜನೆಯಲ್ಲಿ ಸಿಗುವುದು ಹೆಚ್ಚೆಂದರೆ 2 ಲಕ್ಷವೇ, ಹೆಚ್ಚಿನ ಪ್ರೀಮಿಯಂ ಮುಟ್ಟುಗೋಲಾಗಬಹುದು. 456 ದಂಡ. ಒಂದು ಬ್ಯಾಂಕಿನಲ್ಲಿ ಮೇ ತಿಂಗಳಿಗೆ ಮೊದಲೇ ಅರ್ಜಿ ಕೊಟ್ಟು ನಿಲ್ಲಿಸಬೇಕು. ನಿಲ್ಲಿಸುವ ಮುಂಚೆ ಇನ್ನೊಂದು ಕಡೆಯ ವಿಮೆ ನಡೆಯುತ್ತಿದೆಯೇ, ನಾಮಿನಿ ಹೆಸರು ಸರಿಯಿದೆಯೇ ನೋಡಿಕೊಳ್ಳಿ.

ಎಲ್ಲ ಕೂಡಿಸಿದರೆ 18,364.01. ಆದರೆ ನಿಲ್ಲಿಸಿದರೆ ಮುಂದಿನ ವರ್ಷ ಉಳಿಯುವುದು ಇಷ್ಟೇ ಅಲ್ಲ, ಬೇರೆ ಅಂಕಿ. ಓಟಿಟಿಯ ಪೂರ್ತಿ 1,499 ಉಳಿಯುತ್ತದೆ, ಆ್ಯಪ್‌ನ ಹನ್ನೆರಡೂ ತಿಂಗಳ 3,588 ಉಳಿಯುತ್ತದೆ. ಡಾಲರ್ ದರ ಇದೇ ಇದ್ದರೆ ಒಟ್ಟು 19,636ರ ಸುಮಾರು. ಹಿಂದಿನದನ್ನೂ ಮುಂದಿನದನ್ನೂ ಒಂದೇ ಕಾಲಮ್‌ನಲ್ಲಿ ಬೆರೆಸಬೇಡಿ, ಮನೆಯಲ್ಲಿ ಲೆಕ್ಕ ಹೇಳುವಾಗ ತಾಳೆ ಬೀಳದೆ ಜಗಳವಾಗುತ್ತದೆ.

ನಿಲ್ಲಿಸುವ ಕ್ರಮ

ಮೊದಲು ಸೇವೆಯ ಖಾತೆಯಲ್ಲಿ ರದ್ದು, ಆಮೇಲೆ ಬ್ಯಾಂಕಿನ ಮ್ಯಾಂಡೇಟ್, ಅಂದರೆ ಹಣ ತಾನಾಗಿ ಹೋಗಲು ನೀವು ಕೊಟ್ಟಿದ್ದ ಅನುಮತಿ, ರದ್ದು. ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ e-mandate ಅಥವಾ standing instruction ಎಂಬ ಹೆಸರಿನಲ್ಲಿ ಪಟ್ಟಿ ಇರುತ್ತದೆ. ಬರೀ ಮ್ಯಾಂಡೇಟ್ ಕಿತ್ತರೆ ಹಣ ಹೋಗುವುದು ನಿಲ್ಲುತ್ತದೆ, ಒಪ್ಪಂದ ನಿಲ್ಲುವುದಿಲ್ಲ. ವರ್ಷದ ಒಪ್ಪಂದ ಮಾಡಿ ತಿಂಗಳು ತಿಂಗಳು ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ನಡುವೆ ಬಿಟ್ಟರೆ ದಂಡಶುಲ್ಕ ಇರುತ್ತದೆ. ಅಂಥಲ್ಲಿ ವರ್ಷ ಮುಗಿಯುವ ತಾರೀಖು ನೋಡಿ ಆಗ ಬಿಡುವುದೇ ಲಾಭವಾಗಬಹುದು. ಸ್ಟುಡಿಯೊದವರು ಹಳೆಯ ಹುಡುಗನಿಗೆ ಫೋನ್ ಮಾಡಿ ಅವನ ಐಡಿಯಿಂದಲೇ ರದ್ದು ಮಾಡಿಸಿದರು. ಅವನು ಸಿಗದಿದ್ದರೆ ಕಂಪನಿಗೆ ಕಾರ್ಡಿನ ಕೊನೆಯ ನಾಲ್ಕಂಕಿ, ಹಣ ಹೋದ ತಾರೀಖು, ಮೊತ್ತ ಬರೆದು ಕಳಿಸಿ, ಅದರ ಜೊತೆ ಬ್ಯಾಂಕಿನ ಮ್ಯಾಂಡೇಟನ್ನೂ ಕೀಳಬೇಕಿತ್ತು.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2021ರ ಅಕ್ಟೋಬರ್‌ನಿಂದ ಕಾರ್ಡಿನ ಇಂಥ ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಮೆಸೇಜು ಅಥವಾ ಮೇಲ್ ಬರಬೇಕು, ಅದರಲ್ಲೇ ಬೇಡ ಎನ್ನುವ ದಾರಿಯೂ ಇರುತ್ತದೆ. ಮೆಸೇಜುಗಳಲ್ಲಿ mandate ಎಂದು ಹುಡುಕಿದರೆ ನಿಮ್ಮ ಪಟ್ಟಿಯಲ್ಲಿ ತಪ್ಪಿದ ಒಂದೆರಡು ಸಿಕ್ಕೇ ಸಿಗುತ್ತವೆ. ಏನೂ ಬಂದಿಲ್ಲವೆಂದರೆ ಬ್ಯಾಂಕಿನಲ್ಲಿ ಇರುವ ಮೊಬೈಲ್ ನಂಬರು ಯಾರದ್ದೆಂದು ಮೊದಲು ವಿಚಾರಿಸಿ. ಇವರ ಡೆಬಿಟ್ ಕಾರ್ಡಿನ ಮೆಸೇಜುಗಳು ಸ್ಟುಡಿಯೊದ ಮೂಲೆಯಲ್ಲಿ ಚಾರ್ಜಿಲ್ಲದೆ ಬಿದ್ದಿದ್ದ ಹಳೆಯ ಫೋನಿನ ನಂಬರಿಗೆ ಹೋಗುತ್ತಿದ್ದವು. ಯುಪಿಐ ಆಟೊಪೇ ಮೂಲಕ ನೇರ ಖಾತೆಯಿಂದ ಹೋಗುವ ಚಂದಾಗಳು ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿಗೆ ಬರುವುದೇ ಇಲ್ಲ. ಅವನ್ನು ಯುಪಿಐ ಆ್ಯಪ್‌ನ Autopay ಅಥವಾ Mandates ಭಾಗದಲ್ಲಿ ನೋಡಬೇಕು, ಎರಡು ಆ್ಯಪ್ ಇದ್ದರೆ ಎರಡರಲ್ಲೂ.

ರದ್ದಾಯಿತೆಂಬ ಮೇಲ್ ಅಥವಾ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮುಂದಿನ ಎರಡು ಸ್ಟೇಟ್‌ಮೆಂಟ್ ನೋಡಿ. ಮತ್ತೆ ಕಡಿತವಾಗಿದ್ದರೆ ಅದನ್ನು ಲಗತ್ತಿಸಿ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಶುಲ್ಕವಿಲ್ಲ.